ತಲೆ ಸಿಡಿಯುತ್ತಿದೆ, ಬಿಪಿ 196 ತೋರಿಸುತ್ತಿದೆ: ಮುಂದಿನ ಅರ್ಧ ಗಂಟೆ ಏನು ಮಾಡಬೇಕು?

ಮನೆಯಲ್ಲಿ ಯಾರಿಗಾದರೂ ವಿಪರೀತ ತಲೆನೋವು ಬಂದರೆ ಈಗ ಎಲ್ಲರೂ ಮೊದಲು ಹುಡುಕುವುದು ಬಿಪಿ ಮೆಷಿನ್ನನ್ನು. ಅದು 180 ದಾಟಿದ ಅಂಕಿ ತೋರಿಸಿತು ಅಂದರೆ ಮನೆ ತುಂಬ ಗಲಾಟೆ. ಒಬ್ಬರು ಆಸ್ಪತ್ರೆಗೆ ಹೊರಡೋಣ ಅನ್ನುತ್ತಾರೆ. ಇನ್ನೊಬ್ಬರು ಪಕ್ಕದ ಮನೆಯವರ ಬಿಪಿ ಮಾತ್ರೆ ಕೇಳಿ ತರುತ್ತಾರೆ. ಮತ್ತೊಬ್ಬರು ಪಟ್ಟಿ ಬಿಚ್ಚದೆ ಮತ್ತೆ ಮತ್ತೆ ಬಟನ್ ಒತ್ತುತ್ತಲೇ ಇರುತ್ತಾರೆ. ಅಂಕಿ ಇನ್ನೂ ಏರುತ್ತದೆ, ಗಾಬರಿಯೂ ಏರುತ್ತದೆ.

ಇಲ್ಲಿ ಎಡವುವುದು ಕ್ರಮದಲ್ಲಿ. ಮೊದಲು ಮನುಷ್ಯರನ್ನು ನೋಡಬೇಕು, ಆಮೇಲೆ ಮೆಷಿನ್ನನ್ನು. ಯಾಕೆಂದರೆ ನೋವು ತಾನೇ ಬಿಪಿಯನ್ನು ಏರಿಸುತ್ತದೆ. ನಿದ್ದೆಗೆಟ್ಟು, ಹಸಿದು ಬಂದ ತಲೆನೋವಿನಲ್ಲೂ ಬಿಪಿ ಜಾಸ್ತಿ ಇರಬಹುದು. ಆಗ ತಲೆನೋವಿಗೆ ಬಿಪಿ ಕಾರಣವಲ್ಲ, ಬಿಪಿಗೆ ತಲೆನೋವು ಕಾರಣ. ಆದರೆ ಕೆಲವರಲ್ಲಿ ಬಿಪಿ ಅತಿಯಾಗಿ ಏರಿ ಮೆದುಳು ಊದಿಕೊಂಡಿರುತ್ತದೆ, ಇಲ್ಲವೇ ಮೆದುಳಿನ ರಕ್ತನಾಳ ಒಡೆದಿರುತ್ತದೆ. ಮೆಷಿನ್ನಿನ ಪರದೆ ಎರಡೂ ಕಡೆ ಒಂದೇ ಅಂಕಿ ತೋರಿಸಬಹುದು. ವ್ಯತ್ಯಾಸ ಗೊತ್ತಾಗುವುದು ಲಕ್ಷಣಗಳಿಂದ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಕನ್ನಡದ ಮನೆ ಅಂತಿಟ್ಟುಕೊಳ್ಳಿ. ಅತ್ತೆಗೆ 58 ವರ್ಷ. ಬಹಳ ವರ್ಷದಿಂದ ಬಿಪಿ ಇದೆ, ದಿನಾ ಬೆಳಿಗ್ಗೆ ಆಮ್ಲೋಡಿಪಿನ್ 5 ಎಂಜಿ ಮಾತ್ರೆ. ಆ ದಿನ ಘಾಟ್ಕೋಪರ್‌ನಲ್ಲಿ ನೆಂಟರ ಮದುವೆ. ಹೊರಡುವ ಅವಸರದಲ್ಲಿ ಮಾತ್ರೆ ಮರೆತುಹೋಯಿತು. ಊಟ ಆದಾಗ ಮೂರು ಗಂಟೆ. ವಾಪಸ್ಸು ಬರುವಾಗ ಲೋಕಲ್‌ನಲ್ಲಿ ಕೂರಲು ಜಾಗ ಇಲ್ಲ, ಡೊಂಬಿವಲಿ ತನಕ ನಿಂತೇ ಬಂದರು. ಐದು ಗಂಟೆಗೆ ತಲೆ ಭಾರ ಅನ್ನಿಸಿತು, ಏಳರ ಹೊತ್ತಿಗೆ ಸಿಡಿಯತೊಡಗಿತು. ಸೊಸೆ ಮೆಷಿನ್ ತಂದು ನೋಡಿದಳು: 196/112. ಈ ಮನೆಯಲ್ಲಿ ಈಗ ಏನಾಗಬೇಕು ಅಂತ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಎರಡು ನಿಮಿಷ ಲಕ್ಷಣ ನೋಡಿ

ಮೊದಲ ಪ್ರಶ್ನೆ: ನೋವು ಹೇಗೆ ಶುರುವಾಯಿತು? ಗಂಟೆಗಟ್ಟಲೆ ನಿಧಾನವಾಗಿ ಏರಿದ ನೋವು ಬೇರೆ. ಸಿಡಿಲು ಹೊಡೆದ ಹಾಗೆ ಒಂದು ನಿಮಿಷದೊಳಗೆ ತುತ್ತತುದಿಗೆ ಹೋದ ನೋವು ಬೇರೆ. ಎರಡನೆಯದು ಮೆದುಳಿನ ಸುತ್ತ ರಕ್ತಸ್ರಾವವಾದ ಗುರುತು ಇರಬಹುದು. 'ಇಂಥ ನೋವು ಜನ್ಮದಲ್ಲೇ ಬಂದಿಲ್ಲ' ಅಂತ ಅವರು ಹೇಳಿದರೂ ಅಷ್ಟೇ. ಬಿಪಿ 130 ಇದ್ದರೂ ಹೊರಡಬೇಕು. ಇಂಥ ನೋವು ಅರ್ಧ ಗಂಟೆಯಲ್ಲಿ ಇಳಿದರೂ ಹೊರಡಬೇಕು. ಇಳಿಯಿತಲ್ಲ ಅಂತ ಸುಮ್ನೆ ಮಲಗುವವರೇ ಜಾಸ್ತಿ, ಅಲ್ಲೇ ಅಪಾಯ ಇರುವುದು.

ಎರಡನೆಯದು ಮೂರು ಸಣ್ಣ ಪರೀಕ್ಷೆ. 'ಅತ್ತೆ, ಹಲ್ಲು ಕಾಣುವ ಹಾಗೆ ನಗಿ.' ಬಾಯಿ ಒಂದು ಕಡೆ ವಾಲುತ್ತಿದೆಯಾ ನೋಡಿ. 'ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ.' ಹತ್ತು ಎಣಿಸುವಷ್ಟರಲ್ಲಿ ಒಂದು ಕೈ ಕೆಳಗೆ ಜಾರುತ್ತಿದೆಯಾ? ಆಮೇಲೆ ಒಂದು ಪೂರ್ತಿ ವಾಕ್ಯ ಹೇಳಿಸಿ. ಇದನ್ನು ಅವರ ಮಾತೃಭಾಷೆಯಲ್ಲೇ ಹೇಳಿಸಿ. ಮನೆಯಲ್ಲಿ ತುಳು ಆಡುವವರಿಗೆ ಮರಾಠಿಯಲ್ಲಿ ಹೇಳಿಸಿದರೆ ತಡವರಿಸುವುದು ಪಾರ್ಶ್ವವಾಯುವಿನಿಂದಲೋ ಭಾಷೆಯಿಂದಲೋ ಗೊತ್ತಾಗುವುದಿಲ್ಲ.

ಮೂರನೆಯದು ಉಳಿದ ಪ್ರಶ್ನೆಗಳು. ಕಣ್ಣು ಮಂಜಾಗಿದೆಯಾ, ಒಂದು ವಸ್ತು ಎರಡಾಗಿ ಕಾಣುತ್ತಿದೆಯಾ? ಎದೆನೋವು, ಉಸಿರಾಟದ ತೊಂದರೆ, ಬೆನ್ನು ಸೀಳುವಂಥ ನೋವು ಇದೆಯಾ? ಮತ್ತೆ ಮತ್ತೆ ವಾಂತಿ ಆಗುತ್ತಿದೆಯಾ? ಮಂಪರು, ಗೊಂದಲ ಇದೆಯಾ, ಫಿಟ್ಸ್ ಬಂತಾ? ನಡೆಯುವಾಗ ವಾಲುತ್ತಿದ್ದಾರಾ? ಜ್ವರ ಬಂದು ಕುತ್ತಿಗೆ ಬಿಗಿದಿದೆಯಾ? ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತಾ? ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರಂತೂ ಸಣ್ಣ ಪೆಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವುಗಳಲ್ಲಿ ಒಂದಕ್ಕೆ 'ಹೌದು' ಬಂದರೂ ಬಿಪಿ ಮತ್ತೆ ನೋಡುತ್ತ ಕೂರಬೇಡಿ. ನೇರ ಕೊನೆಯ ಹೆಜ್ಜೆಗೆ ಹೋಗಿ.

ಬಸುರಿ ಹೆಂಗಸರಿಗೆ, ಹೆರಿಗೆಯಾಗಿ ಆರು ವಾರ ಆಗದ ಬಾಣಂತಿಯರಿಗೆ ಈ ಲೇಖನದ ಅಂಕಿಗಳು ಅನ್ವಯಿಸುವುದಿಲ್ಲ. 20 ವಾರ ಕಳೆದ ಬಸುರಿಯರಲ್ಲೂ ಬಾಣಂತಿಯರಲ್ಲೂ 140/90 ದಾಟಿ, ಜೊತೆಗೆ ಜೋರು ತಲೆನೋವಿದ್ದರೆ ಆಗಲೇ ಹೆರಿಗೆ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಬೇಕು. 160/110 ಆದರೆ ತಲೆನೋವು ಇಲ್ಲದಿದ್ದರೂ ತುರ್ತು. ತವರಿನಿಂದ ಬಂದ ಬಾಣಂತಿಗೆ ತಲೆನೋವು ಅಂದಾಗ 'ನಿದ್ದೆಗೆಟ್ಟಿದ್ದಾಳೆ' ಅಂತ ತಳ್ಳಿಹಾಕುವುದು ನಮ್ಮಲ್ಲಿ ಬಹಳ.

ಡೊಂಬಿವಲಿಯ ಅತ್ತೆಗೆ ನೋವು ಎರಡು ಗಂಟೆಯಲ್ಲಿ ನಿಧಾನವಾಗಿ ಏರಿದ್ದು. ಹಸಿದು ಬಿಸಿಲಿಗೆ ಹೋದಾಗ ಇಂಥದ್ದೇ ನೋವು ಹಿಂದೆಯೂ ಬಂದಿದೆ. ನಗು ನೇರ ಇದೆ, ಕೈ ಜಾರಲಿಲ್ಲ, 'ಲೈಟ್ ಆರಿಸಿ ಮಾರಾಯ್ತಿ' ಅಂತ ಸ್ಪಷ್ಟವಾಗಿ ಬೈದರು. ಉಳಿದ ಪ್ರಶ್ನೆಗೆಲ್ಲ 'ಇಲ್ಲ'. ಹಾಗಾಗಿ ಇಲ್ಲಿ ಬಿಪಿಯನ್ನು ಸರಿಯಾಗಿ ಮತ್ತೆ ನೋಡಲು ಸಮಯ ಇದೆ.

ಎರಡನೇ ಹೆಜ್ಜೆ: ಕೂರಿಸಿ, ಸುಮ್ಮನಿರಿಸಿ, ಮತ್ತೆ ನೋಡಿ

ಆ 196/112 ಹೇಗೆ ಬಂತು ಅಂತ ಮೊದಲು ನೋಡಿ. ಅತ್ತೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಬೆನ್ನಿಗೆ ಆಧಾರ ಇಲ್ಲದೆ ಕೂತಿದ್ದರು. ಪಟ್ಟಿ ಬ್ಲೌಸಿನ ಬಿಗಿ ತೋಳಿನ ಮೇಲೆಯೇ ಸುತ್ತಿತ್ತು. ಕೈ ತೊಡೆಯ ಮೇಲೆ. ಮೆಷಿನ್ ಗುಂಯ್ ಅನ್ನುವಾಗಲೇ ಮದುವೆಯ ಊಟ ತಡವಾದ ಕತೆ ನಡೆದಿತ್ತು. ಇದರ ಮೇಲೆ, ರೈಲು ಇಳಿದು ಬಂದವರು ಬಾತ್‌ರೂಮಿಗೂ ಹೋಗಿರಲಿಲ್ಲ. ಇವೆಲ್ಲ ಅಂಕಿಯನ್ನು ಏರಿಸುವಂಥವೇ. ಬರೀ ಮಾತಾಡುತ್ತ ಇದ್ದರೂ ಮೇಲಿನ ಅಂಕಿ ಸುಮಾರು 10ರಷ್ಟು ಏರಬಹುದು.

ಸರಿಯಾದ ರೀತಿ ಹೀಗೆ. ಮೊದಲು ಮೂತ್ರಕ್ಕೆ ಹೋಗಿ ಬರಲಿ. ಬೆನ್ನು ಒರಗುವ ಕುರ್ಚಿಯಲ್ಲಿ ಕೂರಿಸಿ. ಎರಡೂ ಪಾದ ನೆಲಕ್ಕೆ ತಾಗಲಿ, ಕಾಲ ಮೇಲೆ ಕಾಲು ಬೇಡ. ಟಿವಿ ಆರಿಸಿ, ಫೋನು ಪಕ್ಕಕ್ಕಿಡಿ, ಐದು ನಿಮಿಷ ಯಾರೂ ಮಾತಾಡಬೇಡಿ. ನಮ್ಮ ಮನೆಗಳಲ್ಲಿ ಈ ಐದು ನಿಮಿಷವೇ ಅತಿ ಕಷ್ಟದ ಭಾಗ. ಚಹಾ, ಕಾಫಿ, ಬೀಡಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿದ್ದರೆ ಒಳ್ಳೆಯದು. ತಲೆನೋವಿಗೆ ಅಂತ ಈಗಷ್ಟೇ ಕಡಕ್ ಚಹಾ ಕುಡಿದಿದ್ದರೆ ಅದನ್ನು ಬರೆದಿಡಿ.

ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು. ಬ್ಲೌಸಿನ ತೋಳು ಬಿಗಿಯಾಗಿದ್ದರೆ ಮಡಚಿ ಮೇಲಕ್ಕೆ ಏರಿಸಬೇಡಿ, ಅದು ತೋಳನ್ನು ಕಟ್ಟಿ ಹಾಕುತ್ತದೆ. ಬ್ಲೌಸಿನ ಆ ಕಡೆಯ ತೋಳನ್ನು ಬಿಚ್ಚುವುದೇ ವಾಸಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಇರಲಿ. ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಡಿ. ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು, ಮೇಜು ತಗ್ಗಾದರೆ ಕೈ ಕೆಳಗೊಂದು ದಿಂಬು. ಕೈ ಕೆಳಗೆ ಇಳಿದಷ್ಟೂ ಅಂಕಿ ಜಾಸ್ತಿ ಬರುತ್ತದೆ.

ಪಟ್ಟಿಯ ಅಳತೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹಲವು ಮೆಷಿನ್ನುಗಳ ಜೊತೆ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಸರಿ. ಅಳತೆ ಪಟ್ಟಿಯ ಮೇಲೆಯೇ ಅಚ್ಚಾಗಿರುತ್ತದೆ. ಹೊಲಿಗೆ ಟೇಪಿನಲ್ಲಿ ಭುಜ-ಮೊಣಕೈ ನಡುವೆ ಅಳೆದು ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇಲ್ಲದವರಿಗೂ ಬಿಪಿ ತೋರಿಸುತ್ತದೆ. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ, ಅದೇ ಕಂಪನಿಯದ್ದನ್ನೇ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ನನ್ನು ಇಂಥ ಹೊತ್ತಿನಲ್ಲಿ ನಾನಂತೂ ನಂಬುವುದಿಲ್ಲ. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅದರ ಅಂಕಿ ಬದಲಾಗುತ್ತದೆ.

ಒಂದು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ನೋಡಿ. ಸಮಯದ ಜೊತೆ ಮೂರನ್ನೂ ಬರೆಯಿರಿ, ಕೊನೆಯ ಎರಡರ ಸರಾಸರಿ ಹಿಡಿಯಿರಿ. ಅತ್ತೆಗೆ ಬಂದದ್ದು 178/102, 170/98, 168/96. ಅಂದರೆ ಸುಮಾರು 169/97. ಮೊದಲ ಅಂಕಿಗೂ ಇದಕ್ಕೂ 27ರ ಅಂತರ! ಮಾತ್ರೆ ಇನ್ನೂ ಕೊಟ್ಟಿಲ್ಲ, ಕುರ್ಚಿ, ಬರಿ ತೋಳು ಮತ್ತು ಮೌನದಿಂದಲೇ ಇಷ್ಟು ಇಳಿಯಿತು. ಮೂರು ಅಂಕಿಗಳ ನಡುವೆ ತುಂಬ ಏರುಪೇರಿದ್ದರೆ, ಅಥವಾ ಪರದೆಯಲ್ಲಿ ನಾಡಿ ಏರುಪೇರಿನ ಚಿಹ್ನೆ ಕಾಣಿಸಿದರೆ, ಮೆಷಿನ್ನಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಆ ವಿಷಯವನ್ನು ಡಾಕ್ಟರಿಗೂ ಹೇಳಿ.

ಮೂರನೇ ಹೆಜ್ಜೆ: ಬಂದ ಅಂಕಿಗೆ ತಕ್ಕ ನಿರ್ಧಾರ

ಸರಿಯಾಗಿ ನೋಡಿದ ಮೇಲೂ ಮೇಲಿನದು 180 ಅಥವಾ ಜಾಸ್ತಿ, ಇಲ್ಲವೇ ಕೆಳಗಿನದು 120 ಅಥವಾ ಜಾಸ್ತಿ ಇದೆ, ತಲೆನೋವೂ ಜೋರಾಗಿದೆ: ಈಗಲೇ ಆಸ್ಪತ್ರೆಗೆ. ಎರಡರಲ್ಲಿ ಒಂದು ದಾಟಿದರೂ ಸಾಕು. ಬೆಳಿಗ್ಗೆ ನೋಡೋಣ ಅನ್ನುವುದು ಬೇಡ.

ಅಂಕಿ ಅಷ್ಟೇ ಇದೆ, ಆದರೆ ತಲೆನೋವೂ ಇಲ್ಲ, ಬೇರೆ ಯಾವ ಲಕ್ಷಣವೂ ಇಲ್ಲ: ರಾತ್ರಿ ಆಂಬುಲೆನ್ಸ್ ಕರೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಮುಂದಿನ ಮಾತ್ರೆಯ ಬಗ್ಗೆ ಕೇಳಬೇಕು.

180ಕ್ಕಿಂತ ಕಡಿಮೆ, ಅಪಾಯದ ಲಕ್ಷಣ ಇಲ್ಲ, ನೋವು ಮಾತ್ರ ಇದೆ: ಅತ್ತೆಯ ಹಾಗೆ ಮನೆಯಲ್ಲೇ ಕಾಯಬಹುದು. ಆದರೆ ಒಬ್ಬರು ಜೊತೆಗೇ ಇರಬೇಕು. ಅರ್ಧ ಗಂಟೆ ಬಿಟ್ಟು ಒಮ್ಮೆ ನೋಡಿ, ಅದಕ್ಕಿಂತ ಬೇಗ ಬೇಡ. ಎರಡು ಗಂಟೆಯಲ್ಲಿ ನೋವು ಇಳಿಯುವ ಹಾದಿ ಹಿಡಿಯದಿದ್ದರೆ, ಅಂಕಿ ಎಷ್ಟೇ ಇರಲಿ, ಹೊರಡಿ.

ಕಾಯುವ ಹೊತ್ತಿನಲ್ಲಿ ಏನು ಕೊಡಬೇಕು? ಅತ್ತೆಗೆ ಮರೆತ ಆಮ್ಲೋಡಿಪಿನ್ ಮಾತ್ರೆಯನ್ನು ಈಗ ಕೊಡಬಹುದು. ಅವತ್ತಿನದ್ದು ಅವತ್ತೇ ನೆನಪಾಗಿದೆ, ನಾಳೆಯದಕ್ಕೆ ಇನ್ನೂ ಹನ್ನೆರಡು ಗಂಟೆ ಇದೆ. ಆದರೆ ಒಂದೇ. ಅದು ಕೆಲಸ ಮಾಡಲು ಗಂಟೆಗಳೇ ಬೇಕು, ಹಾಗಾಗಿ ಹದಿನೈದು ನಿಮಿಷಕ್ಕೆ ಇಳಿಯಲಿಲ್ಲ ಅಂತ ಇನ್ನೊಂದು ಕೊಡಬಾರದು. ಬೇರೆ ಮಾತ್ರೆಗಳಿಗೆ, ಮುಖ್ಯವಾಗಿ ದಿನಕ್ಕೆ ಎರಡು ಮೂರು ಸಲ ತಗೊಳ್ಳುವಂಥವಕ್ಕೆ, ಡಾಕ್ಟರನ್ನು ಕೇಳಿಯೇ ಕೊಡಿ. ನೋವಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಒಂದು ಸಾಕು, ಲಿವರ್ ತೊಂದರೆ ಇಲ್ಲದಿದ್ದರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಿಪಿ ಏರಿಸುತ್ತವೆ, ಬೇಡ. ಮೆಡಿಕಲ್ ಶಾಪಿನ 'ನೆಗಡಿ ಮಾತ್ರೆ'ಯಲ್ಲಿ ಮೂಗು ಬಿಡಿಸುವ ಫಿನೈಲೆಫ್ರಿನ್ ಇರುವುದುಂಟು, ಅದೂ ಬಿಪಿ ಏರಿಸುವಂಥದ್ದೇ. ಆಸ್ಪಿರಿನ್ ಅಂತೂ ಕೊಡಲೇಬೇಡಿ. ಒಳಗೆ ರಕ್ತಸ್ರಾವ ಇದ್ದರೆ ಅದು ಹೆಚ್ಚುತ್ತದೆ. ನೀರು, ಸ್ವಲ್ಪ ಗಂಜಿ ಅಥವಾ ಮೊಸರನ್ನ, ಕತ್ತಲೆ ಕೋಣೆ. ಮಂಪರಿದ್ದವರಿಗೆ, ವಾಂತಿ ಆಗುತ್ತಿರುವವರಿಗೆ ಬಾಯಿಗೆ ಏನೂ ಹಾಕಬೇಡಿ.

ಹಳೆಯ ಅಭ್ಯಾಸವೊಂದು ಇನ್ನೂ ಕೆಲವು ಕಡೆ ಇದೆ: ನಿಫೆಡಿಪಿನ್ ಕ್ಯಾಪ್ಸೂಲು ಚುಚ್ಚಿ ನಾಲಿಗೆ ಕೆಳಗೆ ಬಿಡುವುದು. ಬಿಪಿ ಧಡಕ್ಕನೆ ಇಳಿಯುತ್ತದೆ, ಮನೆಯವರಿಗೆ ಸಮಾಧಾನ. ಹೀಗೆ ಇಳಿಸಿದವರಲ್ಲಿ ಪಾರ್ಶ್ವವಾಯು, ಹೃದಯಾಘಾತ ಆದದ್ದು ದಾಖಲಾದ ಮೇಲೆ ವೈದ್ಯರು ಇದನ್ನು ಬಿಟ್ಟರು. ವರ್ಷಗಟ್ಟಲೆ ಬಿಪಿ ಇದ್ದವರ ಮೆದುಳಿನ ನಾಳಗಳು ಜಾಸ್ತಿ ಒತ್ತಡಕ್ಕೆ ಒಗ್ಗಿಹೋಗಿರುತ್ತವೆ. ಬಿಲ್ಡಿಂಗಿನ ಪಂಪಿನ ಪ್ರೆಷರ್ ಒಮ್ಮೆಲೇ ಇಳಿಸಿದರೆ ಏಳನೇ ಮಹಡಿಯ ನಲ್ಲಿ ಒಣಗುತ್ತದಲ್ಲ, ಹಾಗೆ ಮೆದುಳಿನ ಕೆಲವು ಭಾಗಕ್ಕೆ ರಕ್ತ ಮುಟ್ಟುವುದಿಲ್ಲ. ಪಕ್ಕದ ಮನೆಯ ಮಾತ್ರೆ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ಅತ್ತೆಗೆ ಎಂಟೂವರೆಗೆ ನೋಡಿದಾಗ 158/92. ನೋವು ಅರ್ಧಕ್ಕೆ ಇಳಿದಿತ್ತು. ಹತ್ತಕ್ಕೆ ಮಲಗುವ ಮುಂಚೆ 150/90. ಅವರು ಎರಡು ದಿನದೊಳಗೆ ಡಾಕ್ಟರನ್ನು ಕಾಣಬೇಕು, ಆ ರಾತ್ರಿ ಕ್ಯಾಶುವಾಲಿಟಿ ಬೇಕಾಗಲಿಲ್ಲ.

ಇದೇ ಸಂಜೆ ಬೇರೆ ರೀತಿಯೂ ತಿರುಗಬಹುದಿತ್ತು. ಐದು ನಿಮಿಷ ಕೂತ ಮೇಲೂ 194/118, 192/116 ಬಂದಿದ್ದರೆ ಹೊರಡಬೇಕಿತ್ತು. 170 ಇದ್ದೂ ಎಂಟು ಗಂಟೆಗೆ ವಾಂತಿ ಶುರುವಾಗಿ, ಮಗನ ಹೆಸರು ತಪ್ಪಿ ಹೇಳಿದ್ದರೂ ಹೊರಡಬೇಕಿತ್ತು, ಅದೂ ಮೆಷಿನ್ ಮುಟ್ಟದೆ.

ಕೊನೆಯ ಹೆಜ್ಜೆ: ಹೊರಡುವುದು

108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಇದೇ ನಂಬರು, ಉಚಿತ. ಇದ್ದಕ್ಕಿದ್ದ ಹಾಗೆ ತಲೆ ತುಂಬ ನೋಯುತ್ತಿದೆ, ಬಿಪಿ ತುಂಬ ಏರಿದೆ ಅನ್ನಲು ಮರಾಠಿ ತೊದಲುವವರು ಇಷ್ಟು ಹೇಳಿದರೆ ಸಾಕು: 'ಅಚಾನಕ್ ಡೋಕಂ ಖೂಪ್ ದುಖತಂಯ್, ಬೀಪೀ ಖೂಪ್ ವಾಢಲಂಯ್.' ಬಿಲ್ಡಿಂಗಿನ ಹೆಸರು, ವಿಂಗ್, ಹತ್ತಿರದ ಗುರುತು, ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ ಹೇಳಿ. ವಾಚ್‌ಮನ್‌ಗೆ ಗೇಟಿನಲ್ಲಿ ನಿಲ್ಲಲು ಹೇಳಿ. ಆಂಬುಲೆನ್ಸ್ ತಡವಾದರೆ ಟ್ಯಾಕ್ಸಿ ಅಥವಾ ರಿಕ್ಷಾ, ಆದರೆ ಅವರೊಬ್ಬರನ್ನೇ ಕಳಿಸಬೇಡಿ. ಲೋಕಲ್ ರೈಲು, ಸ್ಕೂಟರಿನ ಹಿಂದಿನ ಸೀಟು ಬೇಡವೇ ಬೇಡ. ಮಧ್ಯದಲ್ಲೇ ಮಂಪರು ಬರಬಹುದು.

ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ನಿಜವಾಗಿ ಮುಖ್ಯ. ಗಲ್ಲಿಯ ನರ್ಸಿಂಗ್ ಹೋಮಿನಲ್ಲಿ ಬಿಪಿ ನೋಡಬಹುದು, ಆದರೆ ರಕ್ತಸ್ರಾವ ಇದೆಯಾ ಅಂತ ತಿಳಿಯಲು ಸಿಟಿ ಸ್ಕ್ಯಾನ್ ಬೇಕು. ರಾತ್ರಿ ಅಲ್ಲಿಂದ ಇನ್ನೊಂದು ಕಡೆಗೆ ಕಳಿಸಿದರೆ ಒಂದು ಗಂಟೆ ಹೋಯಿತು. ಹಾಗಾಗಿ ಈ ವಾರವೇ, ಎಲ್ಲ ಆರಾಮಾಗಿರುವಾಗ, ಹತ್ತಿರದ ಎರಡು ಆಸ್ಪತ್ರೆಗೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ 24 ಗಂಟೆಯೂ ಇರುತ್ತದಾ ಅಂತ ಕೇಳಿ: 'ಸೀಟೀ ಸ್ಕ್ಯಾನ್ ಚೋವೀಸ್ ತಾಸ್ ಚಾಲೂ ಆಹೆ ಕಾ?' ಉತ್ತರವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳು ಅಂದರೆ ಮುಂಬಯಿಯಲ್ಲಿ ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್, ಜುಹು ಕಡೆ ಕೂಪರ್. ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು. ಆದರೆ ಡೊಂಬಿವಲಿಯವರು ಸಾಯನ್ ತನಕ ಹೋಗುವ ಬದಲು ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗುವುದು ಸರಿ.

ಬಾಯಿ ವಾಲಿದ್ದರೆ, ಕೈ ಸೋತಿದ್ದರೆ ಒಂದು ಸಮಯ ಬರೆದುಕೊಳ್ಳಿ: ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಡಾಕ್ಟರು ಕೇಳುವ ಮೊದಲ ಪ್ರಶ್ನೆ ಇದೇ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಬರೆದಿಟ್ಟ ಬಿಪಿ ಅಂಕಿಗಳು, ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ಹಳೆಯ ಫೈಲು ಜೊತೆಗಿರಲಿ. ದಾರಿಯಲ್ಲಿ ತಲೆ ಎತ್ತರಿಸಿ ಮಲಗಿಸಿ. ವಾಂತಿ, ಮಂಪರು ಇದ್ದರೆ ಒಂದು ಮಗ್ಗುಲಿಗೆ ತಿರುಗಿಸಿ.

ಆಸ್ಪತ್ರೆಯಲ್ಲಿ ಎರಡೂ ಕೈಯ ಬಿಪಿ, ಇಸಿಜಿ, ಸಕ್ಕರೆ, ಕಿಡ್ನಿಯ ರಕ್ತ ಪರೀಕ್ಷೆ, ಮೂತ್ರ, ಬೇಕಾದರೆ ಸ್ಕ್ಯಾನ್ ಮಾಡುತ್ತಾರೆ. ಕಣ್ಣಿನ ಒಳಗೂ ನೋಡಬಹುದು. ಮೆದುಳು, ಹೃದಯ, ಕಿಡ್ನಿ ಎಲ್ಲ ಸರಿ ಇದ್ದರೆ 180ರ ಬಿಪಿ ಇದ್ದರೂ ಮಾತ್ರೆ ಕೊಟ್ಟು ಮನೆಗೆ ಕಳಿಸುವುದುಂಟು. 'ಇಷ್ಟು ಬಿಪಿ ಇದೆ, ಇಳಿಸದೆ ಕಳಿಸುತ್ತೀರಲ್ಲ' ಅಂತ ಡಾಕ್ಟರ ಮೇಲೆ ಹರಿಹಾಯಬೇಡಿ. ಬೇಗ ಇಳಿಸುವುದರ ಅಪಾಯ ಅವರಿಗೆ ಗೊತ್ತು. ಅಂಗಕ್ಕೆ ಪೆಟ್ಟು ಬಿದ್ದಿದ್ದರೆ ಮಾತ್ರ ಅಡ್ಮಿಟ್ ಮಾಡಿ, ಡ್ರಿಪ್ಪಿನಲ್ಲಿ ಔಷಧಿ ಹಾಕಿ ನಿಧಾನವಾಗಿ ಇಳಿಸುತ್ತಾರೆ.

ಮನೆಗೆ ಬಂದ ಮೇಲೆ, ಅಥವಾ ಅತ್ತೆಯ ಹಾಗೆ ಹೋಗಲೇ ಇಲ್ಲದವರು, ಏಳು ದಿನ ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ ಬಿಪಿ ಬರೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ದಾಟಿದ್ದರೆ ಜಾಸ್ತಿ ಅಂತ ಲೆಕ್ಕ. ಡಾಕ್ಟರ ಹತ್ತಿರ ಹೋಗುವಾಗ ಚೀಟಿಯ ಜೊತೆ ಮೆಷಿನ್ನನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅವರ ಮೆಷಿನ್ನಿಗೂ ನಿಮ್ಮದಕ್ಕೂ ಎಷ್ಟು ವ್ಯತ್ಯಾಸ ಅಂತ ಅಲ್ಲೇ ನೋಡಿಬಿಡಬಹುದು.